ಅಡ್ವಾನ್ಸ್ ಕೊಡುವ ಮುನ್ನ ಕೇಳಬೇಕಾದ ಕಾಗದಪತ್ರಗಳು

ಬೆಂಗಳೂರಿನಲ್ಲಿ ಹಳೆಯ ಫ್ಲ್ಯಾಟ್ ಕೊಳ್ಳುವವರ ಮಾತುಕತೆ ಹೆಚ್ಚುಕಮ್ಮಿ ಒಂದೇ ರೀತಿಯಲ್ಲಿ ಸಾಗುತ್ತದೆ. ಮನೆ ಹಿಡಿಸುತ್ತದೆ, ಬೆಲೆ ಕುದುರುತ್ತದೆ. ಆಗ ಬ್ರೋಕರ್, "ಇನ್ನೊಂದು ಪಾರ್ಟಿ ಸಂಜೆ ಬರ್ತಿದೆ ಸಾರ್, ಒಂದು ಟೋಕನ್ ಕೊಟ್ಟುಬಿಡಿ, ಪೇಪರ್ಸ್ ಎಲ್ಲ ಕ್ಲಿಯರ್ ಇದೆ, ಆಮೇಲೆ ನೋಡಿಕೊಳ್ಳಬಹುದು" ಎನ್ನುತ್ತಾರೆ. ಎಡವುವುದು ಈ "ಆಮೇಲೆ" ಎಂಬಲ್ಲಿಯೇ. ದುಡ್ಡು ಕೈಬಿಡುವವರೆಗೆ ಮಾರುವವರು ಕೇಳಿದ ಕಾಗದ ಹುಡುಕಿ ಕೊಡುತ್ತಾರೆ. ದುಡ್ಡು ಅವರ ಖಾತೆ ಸೇರಿದ ಮೇಲೆ ಅದೇ ಕಾಗದಕ್ಕಾಗಿ ನಾವು ಅವರ ಹಿಂದೆ ಅಲೆಯಬೇಕಾಗುತ್ತದೆ. ದೋಷ ಕಂಡು ಹಿಂದೆ ಸರಿದರೆ ಅಡ್ವಾನ್ಸ್ ವಾಪಸ್ ಪಡೆಯುವುದೇ ಇನ್ನೊಂದು ಹೋರಾಟವಾಗುತ್ತದೆ.

ಹಾಗಾದರೆ ಏನೇನು ಕೇಳಬೇಕು? ಪಟ್ಟಿ ಸುಲಭವಾಗಿ ಸಿಗುತ್ತದೆ. ಆದರೆ ಕಾಗದಗಳು ಫೈಲಿನಲ್ಲಿದ್ದರೆ ಸಾಲದು, ಒಂದನ್ನು ಇನ್ನೊಂದರ ಜೊತೆ ತಾಳೆ ನೋಡಬೇಕು. ದೋಷ ಸಾಮಾನ್ಯವಾಗಿ ಒಂದು ಕಾಗದದೊಳಗೆ ಕಾಣುವುದಿಲ್ಲ, ಎರಡು ಕಾಗದಗಳ ನಡುವೆ ಕಾಣುತ್ತದೆ. ಇದು ಅರ್ಥವಾಗಲು ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಂಡು ಸಾಗೋಣ.

12,000 ಚದರಡಿ ಜಾಗದಲ್ಲಿ 24 ಮನೆಗಳಿರುವ ಒಂದು ಅಪಾರ್ಟ್‌ಮೆಂಟ್. ಜಾಗದ ಮಾಲೀಕರೂ ಬಿಲ್ಡರೂ 2006ರಲ್ಲಿ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಂಡು ಕಟ್ಟಿಸಿದ್ದು. ಮೂರನೇ ಮಹಡಿಯ 304ನೇ ಫ್ಲ್ಯಾಟನ್ನು ಮೊದಲ ಮಾಲೀಕರು 2008ರಲ್ಲಿ ಬಿಲ್ಡರ್‌ನಿಂದ ಕೊಂಡರು. ಅವರಿಂದ 2012ರಲ್ಲಿ ಈಗಿನ ಮಾಲೀಕರು ಕೊಂಡರು. ಈಗ 80 ಲಕ್ಷಕ್ಕೆ ಮಾರಲು ಹೊರಟಿದ್ದಾರೆ, ಬ್ಯಾಂಕ್ ಸಾಲ ಇನ್ನೂ 22 ಲಕ್ಷ ಬಾಕಿ ಇದೆ.

ಮಾರಲು ಇವರಿಗೆ ಹಕ್ಕಿದೆಯೇ?

ಮೊದಲು ಕೇಳಬೇಕಾದದ್ದು ಮಾರುವವರ ಹೆಸರಿನಲ್ಲಿರುವ ನೋಂದಾಯಿತ ಕ್ರಯಪತ್ರ, ಅಂದರೆ ಸೇಲ್ ಡೀಡ್. ನಮ್ಮ ಉದಾಹರಣೆಯಲ್ಲಿ ಅದು 2012ರದ್ದು. ಅದರ ಜೊತೆಗೆ 2008ರ ಕ್ರಯಪತ್ರ, 2006ರ ಜಂಟಿ ಅಭಿವೃದ್ಧಿ ಒಪ್ಪಂದ, ಬಿಲ್ಡರ್‌ಗೆ ಜಾಗದ ಮಾಲೀಕರು ಬರೆದುಕೊಟ್ಟ ಜಿಪಿಎ, ಅದಕ್ಕೂ ಹಿಂದೆ ಜಾಗ ಅವರಿಗೆ ಹೇಗೆ ಬಂತು ಎಂದು ಹೇಳುವ ಮೂಲ ಪತ್ರ, ಕೃಷಿ ಭೂಮಿಯಾಗಿದ್ದರೆ ಭೂಪರಿವರ್ತನೆಯ ಆದೇಶ. ಒಬ್ಬರಿಂದ ಒಬ್ಬರಿಗೆ ಹಕ್ಕು ಬಂದ ಈ ಸಾಲಿನಲ್ಲಿ ಎಲ್ಲಿಯೂ ಕೊಂಡಿ ತಪ್ಪಬಾರದು.

ಇಲ್ಲಿ ಅನೇಕರು ಕೇಳಲು ಮರೆಯುವ ಕಾಗದವೊಂದಿದೆ: ಹಂಚಿಕೆ ಒಪ್ಪಂದ, ಎಲ್ಲರ ಬಾಯಲ್ಲಿ ಶೇರಿಂಗ್ ಅಗ್ರಿಮೆಂಟ್. ಜಂಟಿ ಅಭಿವೃದ್ಧಿಯಲ್ಲಿ ಕಟ್ಟಿದ ಮನೆಗಳಲ್ಲಿ ಕೆಲವು ಜಾಗದ ಮಾಲೀಕರ ಪಾಲಿಗೆ, ಉಳಿದವು ಬಿಲ್ಡರ್ ಪಾಲಿಗೆ ಹೋಗುತ್ತವೆ. ಯಾವ ನಂಬರಿನ ಮನೆ ಯಾರದೆಂದು ಈ ಒಪ್ಪಂದದಲ್ಲಿ ಬರೆದಿರುತ್ತದೆ. 304 ಜಾಗದ ಮಾಲೀಕರ ಪಾಲಿನದಾಗಿದ್ದು, ಅದನ್ನು 2008ರಲ್ಲಿ ಬಿಲ್ಡರ್ ತನ್ನದೆಂದು ಮಾರಿದ್ದರೆ, ಆಮೇಲಿನ ಎಲ್ಲ ಕ್ರಯಪತ್ರಗಳ ಬುಡವೂ ಸಡಿಲ.

ಕ್ರಯಪತ್ರದ ಕೊನೆಯಲ್ಲಿ ಷೆಡ್ಯೂಲ್‌ಗಳಿರುತ್ತವೆ. ಇಡೀ ಜಾಗದ ವಿವರ ಮತ್ತು ಚಕ್ಕುಬಂದಿ ಒಂದರಲ್ಲಿ, ಆ ಜಾಗದಲ್ಲಿ ನಮ್ಮ ಅವಿಭಾಜ್ಯ ಪಾಲು ಇನ್ನೊಂದರಲ್ಲಿ, ಫ್ಲ್ಯಾಟಿನ ಅಳತೆ ಮತ್ತು ಕಾರ್ ಪಾರ್ಕಿಂಗ್ ಮತ್ತೊಂದರಲ್ಲಿ. ಅವಿಭಾಜ್ಯ ಪಾಲನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. 24 ಮನೆಗಳೂ ಒಂದೇ ಅಳತೆಯವಾದರೆ 12,000 ಚದರಡಿಯಲ್ಲಿ ಒಂದೊಂದಕ್ಕೆ 500 ಚದರಡಿ ಬರಬೇಕು. ಕ್ರಯಪತ್ರದಲ್ಲಿ 667 ಚದರಡಿ ಎಂದಿದ್ದರೆ ಖುಷಿಪಡುವ ಮೊದಲು ನಿಂತು ಯೋಚಿಸಬೇಕು. 667 ಬರುವುದು 18 ಮನೆಗೆ ಹಂಚಿದಾಗ. ಅಂದರೆ ಮೊದಲು 18 ಮನೆಯೆಂದು ಲೆಕ್ಕ ಹಾಕಿ, ಆಮೇಲೆ ಒಂದು ಮಹಡಿ ಏರಿಸಿ ಇನ್ನೂ 6 ಮನೆ ಸೇರಿಸಿರಬಹುದು. ಅನುಮೋದಿತ ನಕ್ಷೆಯನ್ನು ಕೇಳಲು ಇಷ್ಟೇ ಕಾರಣ ಸಾಕು. ಆ ವಿಷಯಕ್ಕೆ ಮುಂದೆ ಬರೋಣ.

ಮಾರುವವರು ಕೊಟ್ಟ ಜೆರಾಕ್ಸ್ ಪ್ರತಿಯನ್ನೇ ನಂಬಿ ಕೂರಬಾರದು. ಸಬ್ ರಿಜಿಸ್ಟ್ರಾರ್ ಕಚೇರಿಯ ದೃಢೀಕೃತ ನಕಲನ್ನು ಕಾವೇರಿ ಪೋರ್ಟಲ್ ಮೂಲಕ ತೆಗೆಸಿ, ಎರಡನ್ನೂ ಪುಟಪುಟವಾಗಿ ಹೋಲಿಸಿ ನೋಡುವುದು ಒಳ್ಳೆಯದು.

ಕ್ರಯಪತ್ರದಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರೂ ಒಪ್ಪಬೇಕು. ಮಾಲೀಕರು ತೀರಿಕೊಂಡಿದ್ದರೆ ಮರಣ ಪತ್ರ, ವಂಶವೃಕ್ಷ, ಉಯಿಲು ಇದ್ದರೆ ಅದು, ಮತ್ತು ಪಾಲು ಬಿಟ್ಟುಕೊಟ್ಟ ವಾರಸುದಾರರ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆದ ವಂಶವೃಕ್ಷ ಈಗಲೂ ಎದುರಾಗುತ್ತದೆ. ಅಂಥದ್ದನ್ನು ಒಪ್ಪಲೇಬಾರದು.

ಇಸಿ ಹೇಳುವುದು, ಹೇಳದಿರುವುದು

ಋಣಭಾರ ಪ್ರಮಾಣಪತ್ರ ಎಂದರೆ ಎಲ್ಲರಿಗೂ ಗೊತ್ತಿರುವ ಇಸಿ. ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳಿದ್ದರೆ ಅವು ನಮೂನೆ 15ರಲ್ಲಿ ಬರುತ್ತವೆ, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. 2004ರ ಏಪ್ರಿಲ್‌ನಿಂದ ಈಚಿನ ವಿವರ ಕಾವೇರಿಯಲ್ಲಿ ಆನ್‌ಲೈನ್ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು. ವಕೀಲರು ಸಾಮಾನ್ಯವಾಗಿ 30 ವರ್ಷದ ಇಸಿ ಕೇಳುವುದರಿಂದ ಎರಡೂ ಬೇಕಾಗುತ್ತವೆ. ಫ್ಲ್ಯಾಟಿನ ಇಸಿ ಜೊತೆಗೆ ಕಟ್ಟಡ ಏಳುವ ಮೊದಲಿನ ಇಡೀ ಜಾಗದ ಇಸಿಯನ್ನೂ ಕೇಳಬೇಕು.

304ರ ಇಸಿಯಲ್ಲಿ ಏನಿರಬೇಕು ಎಂದು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: 2006ರ ಒಪ್ಪಂದ ಮತ್ತು ಜಿಪಿಎ, 2008ರ ಕ್ರಯ, 2012ರ ಕ್ರಯ, ಅದೇ ವರ್ಷ ಬ್ಯಾಂಕಿಗೆ ಮಾಡಿದ ಅಡಮಾನ. ಇಸಿ ಕೈಗೆ ಬಂದಾಗ ಇವುಗಳ ಜೊತೆಗೆ ಇನ್ನೊಂದು ನಮೂದು ಕಾಣಿಸಿತೆನ್ನೋಣ: 2008ರಲ್ಲಿ ಮೊದಲ ಮಾಲೀಕರು ಬೇರೊಂದು ಬ್ಯಾಂಕಿಗೆ ಹಕ್ಕುಪತ್ರಗಳನ್ನು ಒತ್ತೆಯಿಟ್ಟ ಪತ್ರ. ಅದರ ಬಿಡುಗಡೆ ಪತ್ರ ಮಾತ್ರ ಎಲ್ಲೂ ಇಲ್ಲ. ಬಹುಶಃ ಸಾಲ ತೀರಿದೆ, ಬಿಡುಗಡೆಯನ್ನು ನೋಂದಾಯಿಸಲು ಯಾರಿಗೂ ನೆನಪಾಗಿಲ್ಲ. ಆದರೆ "ಬಹುಶಃ" ಎಂಬ ಮಾತಿನ ಮೇಲೆ ಯಾರೂ ಅಡ್ವಾನ್ಸ್ ಕೊಡಬಾರದು. ಆ ಹಳೆಯ ಬ್ಯಾಂಕಿನ ಸಾಲ ಮುಕ್ತಾಯ ಪತ್ರ ಮತ್ತು ನೋಂದಾಯಿತ ಬಿಡುಗಡೆ ಪತ್ರವನ್ನು ಮಾರುವವರೇ ತರಿಸಿಕೊಡಬೇಕು. ಈಗ ಬಿಟ್ಟರೆ ನಾಳೆ ನಮಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಇದನ್ನೇ ಎತ್ತಿಹಿಡಿದು ಫೈಲ್ ತಡೆಹಿಡಿಯುತ್ತಾರೆ.

ಇನ್ನು ಇಸಿಗೆ ಕಾಣದ ಸಂಗತಿಗಳು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗದೆ ಉಳಿದದ್ದು ಸಾಮಾನ್ಯವಾಗಿ ಇಸಿಯಲ್ಲಿ ಬರುವುದಿಲ್ಲ. ಛಾಪಾ ಕಾಗದದಲ್ಲಿ ಬೇರೊಬ್ಬರಿಗೆ ಬರೆದುಕೊಟ್ಟ ಮಾರಾಟದ ಕರಾರು, ನೋಂದಾಯಿಸದೆ ಹಕ್ಕುಪತ್ರ ಮಾತ್ರ ಒಪ್ಪಿಸಿ ಪಡೆದ ಸಾಲ, ಅಣ್ಣತಮ್ಮಂದಿರ ನಡುವಿನ ದಾವೆ, ಕಟ್ಟದೆ ಉಳಿದ ತೆರಿಗೆ, ಇವೆಲ್ಲ ಹೊರಗೇ ಉಳಿಯಬಹುದು. ಆದ್ದರಿಂದ ಇನ್ನೆರಡು ಕಡೆ ಹುಡುಕಬೇಕು. ಬ್ಯಾಂಕುಗಳು ಅಡಮಾನಗಳನ್ನು ದಾಖಲಿಸುವ ಕೇಂದ್ರ ನೋಂದಣಿ ಸಂಸ್ಥೆ ಸೆರ್ಸೈಯಲ್ಲಿ ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ಆಸ್ತಿಯ ವಿವರ ಕೊಟ್ಟು ಹುಡುಕಬಹುದು. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು ಹಾಕಿ ದಾವೆಗಳಿವೆಯೇ ಎಂದು ನೋಡಬಹುದು.

ಸಾಲ ಉಳಿದಿದ್ದರೆ

ಸಾಲವಿರುವ ಫ್ಲ್ಯಾಟನ್ನು ಕೊಳ್ಳಬಾರದು ಎಂದೇನಿಲ್ಲ. ಒಂದು ರೀತಿಯಲ್ಲಿ ಬ್ಯಾಂಕಿನವರು ಆಗಲೇ ಒಮ್ಮೆ ದಾಖಲೆ ನೋಡಿರುತ್ತಾರೆ. ಆದರೆ ಅಸಲು ಪತ್ರಗಳು ಮಾರುವವರ ಕೈಯಲ್ಲಿರುವುದಿಲ್ಲ. ಆಗ ಎರಡು ಪತ್ರಗಳನ್ನು ಬ್ಯಾಂಕಿನಿಂದ ತರಲು ಹೇಳಿ. ಒಂದು, ತಮ್ಮ ಬಳಿ ಯಾವ ಯಾವ ಅಸಲು ದಾಖಲೆಗಳಿವೆ ಎಂದು ಬ್ಯಾಂಕ್ ಕೊಡುವ ಪಟ್ಟಿ. ಇನ್ನೊಂದು, ಇಂತಿಷ್ಟು ದಿನಾಂಕಕ್ಕೆ ಸಾಲ ತೀರಿಸಲು ಎಷ್ಟು ಕಟ್ಟಬೇಕು ಎಂದು ಹೇಳುವ ಫೋರ್‌ಕ್ಲೋಷರ್ ಪತ್ರ.

ಅಸಲುಗಳ ಪಟ್ಟಿಯನ್ನು ಜೆರಾಕ್ಸ್ ಫೈಲಿನ ಜೊತೆ ಹೋಲಿಸಬೇಕು. ಫೈಲಿನಲ್ಲಿ 2008ರ ಕ್ರಯಪತ್ರದ ಜೆರಾಕ್ಸ್ ಇದ್ದು, ಬ್ಯಾಂಕಿನ ಪಟ್ಟಿಯಲ್ಲಿ ಅದರ ಅಸಲು ಇಲ್ಲದಿದ್ದರೆ, ಅದೆಲ್ಲಿ ಹೋಯಿತು ಎಂದು ಕೇಳಬೇಕು. ಕಳೆದುಹೋಗಿದ್ದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ, ದೃಢೀಕೃತ ನಕಲು ಇವೆಲ್ಲ ಬೇಕಾಗುತ್ತವೆ. ಇಲ್ಲವಾದರೆ ಅದು ಇನ್ನೆಲ್ಲೋ ಒತ್ತೆಯಿದೆ ಎಂಬ ಅನುಮಾನ ಉಳಿದೇ ಉಳಿಯುತ್ತದೆ.

ಸಾಲ ತೀರಿಸುವ ಹಣವನ್ನು ಮಾರುವವರ ಕೈಗೆ ಕೊಡದೆ, ಅವರ ಸಾಲದ ಖಾತೆಗೇ ನೇರವಾಗಿ ಕಟ್ಟುವಂತೆ ಕರಾರಿನಲ್ಲಿ ಬರೆಸಬೇಕು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕುಗಳು ಅಸಲು ಪತ್ರಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರರಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಕರಾರಿನ ಅವಧಿಯನ್ನು ನಿಗದಿ ಮಾಡುವಾಗ ಈ 30 ದಿನಗಳನ್ನೂ ಸೇರಿಸಿಕೊಳ್ಳಬೇಕು.

ಕಟ್ಟಡಕ್ಕೆ ಅನುಮತಿ ಇದೆಯೇ?

ಹಕ್ಕು ಸರಿಯಿದ್ದರೂ ಕಟ್ಟಡ ಸರಿಯಿಲ್ಲದಿರಬಹುದು. ಅದಕ್ಕೆ ಬೇಕಾದ ಕಾಗದಗಳು ಎರಡು: ಅನುಮೋದಿತ ನಕ್ಷೆ ಮತ್ತು ಸ್ವಾಧೀನಾನುಭವ ಪ್ರಮಾಣಪತ್ರ, ಅಂದರೆ ಓಸಿ. ನಕ್ಷೆ ಕೈಯಲ್ಲಿ ಹಿಡಿದು ಕಟ್ಟಡದ ಮುಂದೆ ನಿಂತು ಮಹಡಿ ಎಣಿಸಿ, ಮನೆ ಎಣಿಸಿ. ನಕ್ಷೆಯಲ್ಲಿ ಮೂರು ಮಹಡಿ, 18 ಮನೆ ಇದ್ದು, ಎದುರಿಗೆ ನಾಲ್ಕು ಮಹಡಿ, 24 ಮನೆ ಇದ್ದರೆ, ಕ್ರಯಪತ್ರದ 667 ಚದರಡಿ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಸಿಕ್ಕಂತೆ. ನಮ್ಮ ಮನೆ ಅನುಮತಿಯಿರುವ ಮೂರನೇ ಮಹಡಿಯಲ್ಲೇ ಇರಬಹುದು. ಆದರೂ ಇಡೀ ಕಟ್ಟಡಕ್ಕೆ ಓಸಿ ಸಿಗದೆ ಉಳಿಯಲು ಆ ಹೆಚ್ಚುವರಿ ಮಹಡಿಯೇ ಕಾರಣವಾಗುತ್ತದೆ. ಜಾಗದ ಪಾಲಿನ ಜಗಳವೂ ಒಂದು ದಿನ ನಮ್ಮ ಬಾಗಿಲಿಗೆ ಬರುತ್ತದೆ.

ಓಸಿ ಇದೆ ಎಂದರೆ ಅದನ್ನೂ ಓದಿ ನೋಡಬೇಕು. ಕೆಲವೊಮ್ಮೆ ಓಸಿ ಭಾಗಶಃ ಇರುತ್ತದೆ, ಒಂದು ಬ್ಲಾಕಿಗೆ ಇದ್ದು ಇನ್ನೊಂದಕ್ಕೆ ಇರುವುದಿಲ್ಲ. ಕೆಲಸ ಆರಂಭಿಸಲು ಕೊಡುವ ಪತ್ರವನ್ನೇ ಓಸಿಯೆಂದು ತೋರಿಸುವವರೂ ಇದ್ದಾರೆ.

"ಬೆಂಗಳೂರಲ್ಲಿ ಯಾವ ಬಿಲ್ಡಿಂಗ್‌ಗೆ ಓಸಿ ಇದೆ ಹೇಳಿ" ಎಂಬ ಉತ್ತರ ಬಂದರೆ, ಅದನ್ನು ಸಮಾಧಾನವೆಂದು ಸ್ವೀಕರಿಸಬಾರದು. ಓಸಿ ಅಥವಾ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರವನ್ನು ಪರಿಶೀಲಿಸಿದ ಮೇಲೆಯೇ ಬ್ಯಾಂಕುಗಳು ಸಾಲ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಹೇಳಿದೆ. ಅಡ್ವಾನ್ಸ್ ಕೊಟ್ಟ ಮೇಲೆ ಸಾಲ ಸಿಗದೆ ಹೋದರೆ 80 ಲಕ್ಷ ಹೊಂದಿಸುವುದು ನಮ್ಮ ತಲೆಯ ಮೇಲೇ ಬೀಳುತ್ತದೆ. ಓಸಿ ಇಲ್ಲದ ಮನೆ ಕೊಳ್ಳಲೇಬೇಕೆಂದಿದ್ದರೆ, ಮೊದಲು ನಿಮ್ಮ ಬ್ಯಾಂಕಿನಿಂದ ಲಿಖಿತ ಒಪ್ಪಿಗೆ ಪಡೆದು ಆಮೇಲೆ ಮಾತುಕತೆ ಮುಂದುವರಿಸಿ.

ಖಾತಾ, ತೆರಿಗೆ, ಅಸೋಸಿಯೇಷನ್

ಖಾತಾ ಎಂದರೆ ಮಾಲೀಕತ್ವದ ಪತ್ರ ಎಂದು ಅನೇಕರು ತಿಳಿದಿದ್ದಾರೆ. ಅದು ತೆರಿಗೆ ಯಾರು ಕಟ್ಟಬೇಕು ಎಂದು ಪಾಲಿಕೆ ಇಟ್ಟುಕೊಂಡಿರುವ ದಾಖಲೆ, ಹಕ್ಕನ್ನು ಕೊಡುವುದು ಕ್ರಯಪತ್ರ. ಆದರೂ ಖಾತಾ ಇಲ್ಲದೆ ವ್ಯವಹಾರ ನಡೆಯುವುದಿಲ್ಲ. ಬೆಂಗಳೂರು ಪಾಲಿಕೆ ವ್ಯಾಪ್ತಿಯ ಆಸ್ತಿಗಳ ನೋಂದಣಿಗೆ 2024ರ ಅಕ್ಟೋಬರ್‌ನಿಂದ ಇ-ಖಾತಾ ಕಡ್ಡಾಯವಾಗಿದೆ. "ಅಪ್ಲೈ ಮಾಡಿದ್ದೀವಿ, ಬರುತ್ತೆ" ಎಂದರೆ ಬಂದ ಮೇಲೆಯೇ ಅಡ್ವಾನ್ಸ್ ಎನ್ನಿ.

ಇ-ಖಾತಾದಲ್ಲಿ ಮೂರು ಅಂಶ ನೋಡಬೇಕು. ಅದು 304ರ ಹೆಸರಿನಲ್ಲಿ ಪ್ರತ್ಯೇಕವಾಗಿದೆಯೇ, ಇಲ್ಲ ಇಡೀ ಕಟ್ಟಡಕ್ಕೆ ಜಾಗದ ಮಾಲೀಕರ ಹೆಸರಿನಲ್ಲಿ ಒಂದೇ ಖಾತಾ ಇದೆಯೇ? ಎ ಖಾತಾವೋ ಬಿ ಖಾತಾವೋ? ಹೆಸರು ಮತ್ತು ಅಳತೆ ಕ್ರಯಪತ್ರದಲ್ಲಿರುವಂತೆಯೇ ಇದೆಯೇ? ಬಿ ಖಾತಾ ಎಂದಾದರೆ ನಕ್ಷೆ, ಓಸಿ ಅಥವಾ ಭೂಪರಿವರ್ತನೆಯಲ್ಲಿ ಎಲ್ಲೋ ಕೊರತೆಯಿದೆ ಎಂದು ತಿಳಿಯಬೇಕು. ಜೊತೆಗೆ ಈ ವರ್ಷದವರೆಗಿನ ಆಸ್ತಿ ತೆರಿಗೆ ರಸೀದಿ ಮತ್ತು ಕರೆಂಟ್ ಬಿಲ್ ಕೇಳಿ.

ಅಸೋಸಿಯೇಷನ್‌ನಿಂದ ಬಾಕಿ ಇಲ್ಲವೆಂಬ ಪತ್ರವನ್ನು ಮಾರುವವರೇ ತರಬೇಕು. ಹಳೆಯ ಮಾಲೀಕರು ಉಳಿಸಿದ ನಿರ್ವಹಣಾ ವೆಚ್ಚಕ್ಕೆ ಕೊಂಡವರನ್ನೂ ಹೊಣೆಯಾಗಿಸುವ ಅವಕಾಶ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿದೆ. ಪತ್ರದಲ್ಲಿ ತಿಂಗಳ ಬಾಕಿಯ ಜೊತೆಗೆ ಇನ್ನೆರಡು ವಿಷಯ ಬರೆಸಿಕೊಳ್ಳಿ: ಲಿಫ್ಟ್ ಬದಲಾವಣೆ, ಬಣ್ಣ, ಒಳಚರಂಡಿ ಘಟಕದಂಥ ದೊಡ್ಡ ಖರ್ಚಿಗೆ ಪ್ರತಿ ಮನೆಯಿಂದ ಎತ್ತುವ ಹಣ ತೀರ್ಮಾನವಾಗಿದೆಯೇ, ಮತ್ತು ಕಾರ್ಪಸ್ ನಿಧಿಯಲ್ಲಿ ಈ ಮನೆಯ ಪಾಲು ಕೊಂಡವರ ಹೆಸರಿಗೆ ಬರುತ್ತದೆಯೇ. ಪಾರ್ಕಿಂಗ್ ನಂಬರನ್ನೂ ಅಲ್ಲೇ ಖಚಿತಪಡಿಸಿಕೊಳ್ಳಬಹುದು.

ಎದುರಿಗೆ ಕೂತಿರುವವರು ಯಾರು?

ಪ್ಯಾನ್ ಮತ್ತು ಆಧಾರ್ ಪ್ರತಿಗಳನ್ನು ಕ್ರಯಪತ್ರದ ಹೆಸರು, ಫೋಟೋಗಳ ಜೊತೆ ಹೋಲಿಸಿ. ಮಾಲೀಕರ ಬದಲು ಜಿಪಿಎ ಹಿಡಿದವರು ಬಂದಿದ್ದರೆ, ಅದು ಅಧಿಕಾರ ಪತ್ರವೇ ಹೊರತು ಮಾಲೀಕತ್ವವಲ್ಲ ಎಂದು ನೆನಪಿರಲಿ. ಜಿಪಿಎ ಮೂಲಕ ನಡೆದ "ಮಾರಾಟ"ದಿಂದ ಹಕ್ಕು ವರ್ಗಾವಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಾಲೀಕರ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಲು ನಿಜವಾದ ಜಿಪಿಎ ಸಾಕು. ಆದರೆ ಅದರಲ್ಲಿ ಮಾರುವ ಅಧಿಕಾರ ಮತ್ತು ಹಣ ಪಡೆಯುವ ಅಧಿಕಾರ ಸ್ಪಷ್ಟವಾಗಿ ಬರೆದಿರಬೇಕು, ಮಾಲೀಕರು ಬದುಕಿರಬೇಕು, ಅದು ರದ್ದಾಗಿರಬಾರದು. ಮಾಲೀಕರ ಜೊತೆ ವಿಡಿಯೋ ಕರೆಯಲ್ಲಾದರೂ ನೇರವಾಗಿ ಮಾತಾಡಿ.

ಮಾರುವವರು ಭಾರತದ ನಿವಾಸಿಯೇ ಎಂದು ಲಿಖಿತವಾಗಿ ಕೇಳಬೇಕು. ನಿವಾಸಿಯಾಗಿದ್ದು ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ. 1ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 80 ಲಕ್ಷಕ್ಕೆ ಒಟ್ಟು 80,000 ರೂಪಾಯಿ. ಇದನ್ನು ಪ್ರತಿ ಕಂತಿನಲ್ಲೂ ಹಿಡಿಯಬೇಕು. ಅಡ್ವಾನ್ಸ್ 4 ಲಕ್ಷವಾದರೆ ಅವರಿಗೆ 3,96,000 ಕೊಟ್ಟು, 4,000 ಕಟ್ಟಬೇಕು. ಅನಿವಾಸಿಯಾಗಿದ್ದರೆ ಹಿಡಿಯಬೇಕಾದ ತೆರಿಗೆ ಇದಕ್ಕಿಂತ ಎಷ್ಟೋ ಹೆಚ್ಚು. ಹಿಡಿಯದೆ ಬಿಟ್ಟರೆ ಇಲಾಖೆ ಬರುವುದು ಕೊಂಡವರ ಹತ್ತಿರ. ಹಾಗಿದ್ದಾಗ ಅಡ್ವಾನ್ಸ್‌ಗೆ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಬೇಕು.

ಹಣ ಕೊಡುವ ದಿನ

ಆಸ್ತಿಯ ಅಡ್ವಾನ್ಸ್ ಆಗಿ 20,000 ರೂಪಾಯಿ ಅಥವಾ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ನಗದು ಕೊಟ್ಟ ಕೊಳ್ಳುವವರ ಕೈಯಲ್ಲಿ ಸಾಕ್ಷಿಯೂ ಉಳಿಯುವುದಿಲ್ಲ. ಬ್ಯಾಂಕ್ ಮೂಲಕವೇ, ಕ್ರಯಪತ್ರದಲ್ಲಿ ಹೆಸರಿರುವವರ ಖಾತೆಗೇ ಕಳಿಸಿ. ಬ್ರೋಕರ್ ಖಾತೆಗೆ ಬೇಡ.

ಹಣದ ಜೊತೆಗೆ ಮಾರಾಟದ ಕರಾರು ಆಗಬೇಕು. ಅದರಲ್ಲಿ ಎರಡು ಮಾತು ಇರಲೇಬೇಕು. ಹಕ್ಕಿನಲ್ಲಿ ದೋಷ ಕಂಡರೆ, ಅಥವಾ ದಾಖಲೆಗಳ ಕೊರತೆಯಿಂದ ನಮ್ಮ ಬ್ಯಾಂಕ್ ಸಾಲ ನಿರಾಕರಿಸಿದರೆ, ಅಡ್ವಾನ್ಸ್ ಪೂರ್ತಿಯಾಗಿ ಇಂತಿಷ್ಟು ದಿನದೊಳಗೆ ಹಿಂದಿರುಗಬೇಕು. ಬಾಕಿ ಉಳಿದ ಕಾಗದಗಳನ್ನು ಹೆಸರಿಸಿ, ಯಾವ ದಿನಾಂಕದೊಳಗೆ ಕೊಡುತ್ತಾರೆಂದು ಬರೆಯಬೇಕು. ಕರಾರನ್ನು ನೋಂದಾಯಿಸಿದರೆ ಅದು ಇಸಿಯಲ್ಲಿ ಬರುತ್ತದೆ, ಅದೇ ಮನೆಯನ್ನು ಇನ್ನೊಬ್ಬರಿಗೆ ತೋರಿಸುವುದು ಕಷ್ಟವಾಗುತ್ತದೆ. ಹಣ ಕಳಿಸುವ ಹಿಂದಿನ ದಿನ ಇಸಿಯನ್ನು ಹೊಸದಾಗಿ ನೀವೇ ತೆಗೆದು ನೋಡಿ.

ಕೈಯಲ್ಲಿ ಹಿಡಿದು ಹೋಗಲು ಪಟ್ಟಿ ಇಲ್ಲಿದೆ:

- ಮಾರುವವರ ಕ್ರಯಪತ್ರ, ಹಿಂದಿನ ಎಲ್ಲ ಕ್ರಯಪತ್ರಗಳು, ಮೂಲ ಪತ್ರ, ಭೂಪರಿವರ್ತನೆ ಆದೇಶ
- ಜಂಟಿ ಅಭಿವೃದ್ಧಿ ಒಪ್ಪಂದ, ಜಿಪಿಎ, ಹಂಚಿಕೆ ಒಪ್ಪಂದ
- 30 ವರ್ಷದ ಇಸಿ, ಹಳೆಯ ಅಡಮಾನಗಳ ಬಿಡುಗಡೆ ಪತ್ರ
- ಬ್ಯಾಂಕಿನಲ್ಲಿರುವ ಅಸಲುಗಳ ಪಟ್ಟಿ, ಫೋರ್‌ಕ್ಲೋಷರ್ ಪತ್ರ
- ಅನುಮೋದಿತ ನಕ್ಷೆ, ಓಸಿ
- ಇ-ಖಾತಾ, ತೆರಿಗೆ ರಸೀದಿ, ಕರೆಂಟ್ ಬಿಲ್
- ಅಸೋಸಿಯೇಷನ್‌ನ ಬಾಕಿ ಇಲ್ಲವೆಂಬ ಪತ್ರ
- ಪ್ಯಾನ್, ಆಧಾರ್, ನಿವಾಸಿ ಎಂಬ ಘೋಷಣೆ. ಅಗತ್ಯವಿದ್ದರೆ ವಂಶವೃಕ್ಷ ಮತ್ತು ಹಕ್ಕು ಬಿಡುಗಡೆ ಪತ್ರ

ಇವೆಲ್ಲದರ ಪ್ರತಿಗಳನ್ನು ಮಾರುವವರ ವಕೀಲರಿಗಲ್ಲ, ಬ್ರೋಕರ್ ಹೇಳಿದ ವಕೀಲರಿಗೂ ಅಲ್ಲ, ನೀವೇ ಗೊತ್ತು ಮಾಡಿದ ವಕೀಲರಿಗೆ ಕೊಟ್ಟು ಲಿಖಿತ ಅಭಿಪ್ರಾಯ ಪಡೆಯಿರಿ. ದಾಖಲೆ ಸರಿಯಿರುವ ಮಾಲೀಕರು ಇದಕ್ಕೆ ಬೇಸರಿಸುವುದಿಲ್ಲ. ಕಾಗದ ಕೇಳಿದ್ದಕ್ಕೇ ಸಿಟ್ಟಾಗುವವರ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.